ಎರಡು ವರ್ಷದ ಮಕ್ಕಳ ಚಿತ್ರಪುಸ್ತಕ: ಪುಟ ತಿರುಗಿಸುವ ಕಡೆ ಮಾತು ಎಲ್ಲಿ ನಿಲ್ಲಬೇಕು?

ಮಾಲಿನಿ_ಮುಲುಂಡ್
ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಬಳಗದ ಪುಟಾಣಿಗಳಿಗೆ ದೀಪಾವಳಿ ಹೊತ್ತಿಗೆ ಒಂದು ಚಿತ್ರಪುಸ್ತಕ ಮಾಡಿಕೊಡೋಣ ಅಂತ ಹೊರಟಿದ್ದೇವೆ. ದೊಡ್ಡ ಪ್ರೆಸ್ಸಿನ ಖರ್ಚು ಆಗೋದಲ್ಲ. ನಾಲ್ಕು ಎ4 ಹಾಳೆ ನಡುವೆ ಮಡಿಚಿದರೆ 16 ಪುಟ, ಮುಖಪುಟವೂ ಅದರಲ್ಲೇ. ಚಿತ್ರ ಬರೆಯೋಕೆ ನಮ್ಮಲ್ಲೇ ಒಬ್ಬ ಹುಡುಗಿ ಇದ್ದಾಳೆ, ಬರವಣಿಗೆ ನನ್ನ ಪಾಲಿಗೆ ಬಂದಿದೆ.

ವಿಷಯ ಲೋಕಲ್ ಟ್ರೇನು. ಪುಟ್ಟಿ ಅಮ್ಮನ ಜೊತೆ ಮುಲುಂಡಿನಿಂದ ದಾದರಿಗೆ ಹೋಗ್ತಾಳೆ, ದಾರಿಯಲ್ಲಿ ಒಬ್ಬೊಬ್ಬರೇ ಹತ್ತುತ್ತಾರೆ, ಅಷ್ಟೇ ಕಥೆ. ಈಗ ಹೀಗಿದೆ:

3ನೇ ಪುಟ:
ಮುಂಜಾನೆ ಬೇಗ ಎದ್ದು ಪುಟ್ಟಿ ಅಮ್ಮನ ಜೊತೆಗೆ ಹೊರಟಳು
ಮುಲುಂಡಿನಲ್ಲಿ ಗಾಡಿ ಹತ್ತಿ ಕಿಟಕಿಯ ಪಕ್ಕ ಕುಳಿತಳು
ನಾಹೂರಿನಲ್ಲಿ ಹಣ್ಣಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬಳು

4ನೇ ಪುಟ:
ಬಾಗಿಲ ಹಿಡಿದು ಹತ್ತಿದಳು, ಪುಟ್ಟಿಯ ನೋಡಿ ನಕ್ಕಳು

ಪಕ್ಕದ ಮನೆಯ ಎರಡು ವರ್ಷದವನಿಗೆ ಓದಿದೆ. ಎರಡನೇ ಸಾಲು ಮುಗಿಯೋ ಮೊದಲೇ ಪುಟ ತಿರುಗಿಸಿಬಿಡ್ತಾನೆ. ಪ್ರಾಸ ಎಲ್ಲಾ ಕೂತಿದೆಯಲ್ಲ, ಮತ್ತೆ ಯಾಕೆ ಹಿಡಿಸ್ತಿಲ್ಲ?

ಶೆಟ್ರು_ಭಾಂಡೂಪ್
ಚೆನ್ನಾಗಿದೆ ಅಕ್ಕ! ಆದ್ರೆ ಬುಟ್ಟಿ ಹೊತ್ತ ಅಜ್ಜಿ ಲೇಡೀಸ್ ಡಬ್ಬಿಗೆ ಯಾಕೆ ಬಂದ್ಲು, ಲಗೇಜ್ ಡಬ್ಬಿ ಇದೆಯಲ್ಲ 😄

ಗಣಪ್ರಸ್ತಾರ
ಪ್ರಾಸ ಕೂತಿದೆ ಅಂತೀರಿ, ಆದರೆ ಹೊರಟಳು, ಕುಳಿತಳು, ನಕ್ಕಳು ಅನ್ನೋದು ಪ್ರಾಸ ಅಲ್ಲ, ಪುಕ್ಕಟೆ ಮಾಲು. ಹೆಣ್ಣಿನ ಬಗ್ಗೆ ಬರೆದ ಯಾವ ವಾಕ್ಯವನ್ನು ಎತ್ತಿಕೊಂಡರೂ ಕನ್ನಡದಲ್ಲಿ ಕೊನೆಗೆ 'ಳು' ತಾನಾಗೇ ಬರುತ್ತೆ. ಶ್ರಮವಿಲ್ಲದೆ ಬಂದದ್ದಕ್ಕೆ ಕಿವಿ ನಿಮಿರೋದಿಲ್ಲ. ಜೊತೆಗೆ ಮಾತ್ರೆ ಏರುಪೇರಾಗಿದೆ. ಮೊದಲ ಸಾಲು ಓದಿದ ಲಯದಲ್ಲಿ ಮೂರನೇ ಸಾಲು ಓದಿ ನೋಡಿ, 'ಅಜ್ಜಿಯೊಬ್ಬಳು' ಬಂದಾಗ ನಾಲಿಗೆ ಎಡವುತ್ತೆ. ಮಾತ್ರಾಗಣ ಸರಿಮಾಡಿ, ಮಗು ಕೂತು ಕೇಳುತ್ತೆ.

ಸುಮಂಗಲಾ_ಡೊಂಬಿವ್ಲಿ
ಮಾಲಿನಿ, ನಾನು ಬಾಲವಾಡಿಯಲ್ಲಿ ಬಹಳ ವರ್ಷ ಇದ್ದವಳು. ಮಾತ್ರೆ ವಿಷಯದಲ್ಲಿ ಗಣಪ್ರಸ್ತಾರ ಅವರು ಹೇಳಿದ್ದು ಸರಿ, ಆದರೆ ಮಗು ಪುಟ ತಿರುಗಿಸೋದು ಅದಕ್ಕಲ್ಲ. ಮಗು ಮೊದಲು ಚಿತ್ರ ನೋಡುತ್ತೆ. ನೋಡಿ ಮುಗಿದ ಕೂಡಲೇ ಕೈ ಹಾಳೆಗೆ ಹೋಗುತ್ತೆ. ಆ ಹೊತ್ತಿನೊಳಗೆ ನಿಮ್ಮ ಮಾತು ಮುಗಿದಿರಬೇಕು. ಎರಡು ವರ್ಷದವರಿಗೆ ಒಂದು ಪುಟಕ್ಕೆ ಒಂದು ಸಾಲು, ಹೆಚ್ಚೆಂದರೆ ಎರಡು ಪುಟ್ಟ ವಾಕ್ಯ. ನೀವು ಒಂದೇ ಪುಟದಲ್ಲಿ ಏಳಿಸಿ, ಹೊರಡಿಸಿ, ಗಾಡಿ ಹತ್ತಿಸಿ, ನಾಹೂರನ್ನೂ ದಾಟಿಸಿದ್ದೀರಿ. ಅಲ್ಲಿರೋ ಚಿತ್ರ ಮಾತ್ರ ಒಂದೇ.

ಇದಕ್ಕಿಂತ ಮುಖ್ಯವಾದದ್ದು, ನೀವು ವಾಕ್ಯ ಕಡಿದ ಜಾಗ. 'ಅಜ್ಜಿಯೊಬ್ಬಳು' ಅಂತ ಪುಟದ ಕೊನೆಗೆ ಬಂತು, ತಿರುಗಿಸಿದ ಮೇಲೆ 'ಹತ್ತಿದಳು'. ಹೊಸ ಸುದ್ದಿ ಇರೋದು ಅಜ್ಜಿಯಲ್ಲಿ. ಅದು ತಿರುಗಿಸೋ ಮೊದಲೇ ಖರ್ಚಾಗಿ ಹೋಯಿತು, ತಿರುಗಿಸಿದವನ ಕೈಗೆ ಬರೀ ಕ್ರಿಯಾಪದ ಸಿಕ್ಕಿತು. ನಮ್ಮ ಭಾಷೆಯಲ್ಲಿ ಈ ಕಷ್ಟ ಇದ್ದೇ ಇದೆ, ಕ್ರಿಯಾಪದ ಯಾವಾಗಲೂ ಕೊನೆಗೆ ಬಂದು ಕೂರುತ್ತೆ. ಒಂದೇ ವಾಕ್ಯವನ್ನು ಎರಡು ಪುಟಕ್ಕೆ ಹಂಚಿದರೆ ಕುತೂಹಲದ ಪದ ಸಾಮಾನ್ಯವಾಗಿ ಹಿಂದಿನ ಪುಟದಲ್ಲೇ ಉಳಿದುಬಿಡುತ್ತೆ. ಅದಕ್ಕೇ ವಾಕ್ಯ ಕಡಿಯಬೇಡಿ. ಬಲಪುಟದಲ್ಲಿ ಪೂರಾ ಒಂದು ಪ್ರಶ್ನೆ ಇರಲಿ, ತಿರುಗಿಸಿದ ಮೇಲೆ ಎಡಪುಟದ ಮೊದಲ ಪದವೇ ಉತ್ತರ ಆಗಲಿ. 'ಯಾರು ಬಂದರು?' ತಿರುಗಿಸಿ. 'ಅಜ್ಜಿ!'

ಕಿಟ್ಟಣ್ಣ_ಕೋಥ್ರೂಡ್
ನನ್ನ ಮಗ ಎರಡನೇ ಕ್ಲಾಸು, ಮರಾಠಿ ಚೆನ್ನಾಗಿ ಓದ್ತಾನೆ, ಕನ್ನಡ ಅಂದ್ರೆ ಓಡಿಹೋಗ್ತಾನೆ. ಅವನಿಗೆ ಯಾವ ಪುಸ್ತಕ ಕೊಡಬೇಕು? ಪ್ರಾಸ ಇರೋದೇ ಬೇಕಾ?

ಮಾಲಿನಿ_ಮುಲುಂಡ್
ಕಿಟ್ಟಣ್ಣ, ಇದು ಬರೆಯೋದರ ಬಗ್ಗೆ, ಅದೂ ಎರಡು ವರ್ಷದವರಿಗೆ 🙏

ಶೆಟ್ರು_ಭಾಂಡೂಪ್
ಕಿಟ್ಟಣ್ಣನವರೇ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ ನೋಡಿ. ಕನ್ನಡ, ಮರಾಠಿ ಎರಡರಲ್ಲೂ ಇರೋ ಕಥೆಗಳು ಸಿಗ್ತವೆ, ದುಡ್ಡಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿ.

ಮಾಲಿನಿ_ಮುಲುಂಡ್
ಸುಮಂಗಲಾ ಟೀಚರ್, ಅರ್ಥ ಆಯ್ತು. ಹಾಗಾದ್ರೆ ಲೋಕಲ್‌ನಲ್ಲಿ ಪ್ರತಿ ಸ್ಟೇಷನ್ನಿಗೂ ಮೊದಲು ಅನೌನ್ಸ್‌ಮೆಂಟ್ ಬರುತ್ತಲ್ಲ, 'ಪುಢೀಲ ಸ್ಟೇಷನ್' ಅಂತ, ಅದನ್ನೇ ಪಲ್ಲವಿ ಮಾಡಿದ್ರೆ? ಬಲಪುಟದಲ್ಲಿ 'ಮುಂದಿನ ಸ್ಟೇಷನ್ ಯಾವುದು?', ತಿರುಗಿಸಿದ್ರೆ 'ನಾಹೂರ್!' ಮತ್ತೆ 'ಮುಂದಿನ ಸ್ಟೇಷನ್ ಯಾವುದು?', 'ಭಾಂಡೂಪ್!' ಇಲ್ಲಿನ ಮಕ್ಕಳಿಗೆ ಆ ದನಿ ಚಿರಪರಿಚಿತ.

ಗಣಪ್ರಸ್ತಾರ
ಭೇಷ್! ಮುಂದಿನ ನಾಲ್ಕು, ಸ್ಟೇಷನ್ ನಾಲ್ಕು, ಯಾವುದು ನಾಲ್ಕು. 4+4+4, ಆಮೇಲೆ ಒಂದು ಗಣ ಖಾಲಿ. ಆ ಖಾಲಿ ನಾಲ್ಕು ಮಾತ್ರೆಯಲ್ಲಿ ಪುಟ ತಿರುಗುತ್ತೆ! ಒಂದೇ ತಕರಾರು. 'ಸ್ಟೇ' ಒತ್ತಕ್ಷರ, ಅದರ ಹಿಂದಿನ 'ನ' ಗುರು ಆಗಬೇಕು. ಆಗ ಮೊದಲ ಗಣಕ್ಕೆ ಐದು ಮಾತ್ರೆ.

ಬಸು_ಪಿಂಪ್ರಿ
ಸರ, ಯಾವ ಕೂಸು 'ಸ್ಟೇಷನ್' ಅಂತೈತ್ರಿ? 'ಟೇಸನ್' ಅಂತಾವ. ನಮ್ಮ ಕಡೆ ಮುದುಕರೂ ಠೇಸನ್ ಅಂತಾರ. ಒತ್ತೂ ಇಲ್ಲ, ಗುರೂ ಇಲ್ಲ.

ಗಣಪ್ರಸ್ತಾರ
ಉಚ್ಚಾರ ತೇಲಿಸಿದರೆ ಗುರು ಆಗಲ್ಲ, ಒಪ್ಪಿದೆ. ಶಿಥಿಲದ್ವಿತ್ವ ಅಂತ ಹಳಬರೇ ರಿಯಾಯಿತಿ ಕೊಟ್ಟಿದ್ದಾರೆ.

ಸುಮಂಗಲಾ_ಡೊಂಬಿವ್ಲಿ
ಖಾಲಿ ಗಣದ ಯೋಚನೆ ಕೇಳೋಕೆ ಚೆಂದ, ನಡೆಸೋಕೆ ಆಗಲ್ಲ ಸರ್. ಎರಡು ವರ್ಷದ ಕೈ ನಾಲ್ಕು ಮಾತ್ರೆಯಲ್ಲಿ ಪುಟ ತಿರುಗಿಸಲ್ಲ. ಒಮ್ಮೆ ಮೂರು ಹಾಳೆ ಒಟ್ಟಿಗೆ ಬರುತ್ತವೆ, ಒಮ್ಮೆ ಬೆರಳು ಜಾರುತ್ತೆ, ಒಮ್ಮೆ ಮೂಲೆ ಬಾಯಿಗೆ ಹೋಗುತ್ತೆ. ತಿರುವಿನ ಆಚೆಗೂ ಹರಿಯೋ ತಾಳ ಕಟ್ಟಿದರೆ ಓದುವವರು ತಾಳ ಹಿಡಿದುಕೊಂಡು ಕಾಯಬೇಕಾಗುತ್ತೆ. ತಿರುವಿನ ಮೊದಲು ಲಯ ಪೂರ್ತಿ ಮುಗೀಬೇಕು, ತಿರುಗಿದ ಮೇಲೆ ಹೊಸದಾಗಿ ಶುರುವಾಗಬೇಕು.

ಇನ್ನು ಮಾಲಿನಿಯ ಪಲ್ಲವಿ. ಉತ್ತರ 'ನಾಹೂರ್' ಅಂದರೆ ಚಿತ್ರದಲ್ಲಿ ಏನು ಬರೀತೀರಿ? ಫಲಾಟಿನ ಬೋರ್ಡು. ಓದು ಬರದ ಮಗುವಿಗೆ ನಾಹೂರಿನ ಬೋರ್ಡೂ ಭಾಂಡೂಪಿನ ಬೋರ್ಡೂ ಒಂದೇ. ಉತ್ತರ ಬೆರಳಿಟ್ಟು ತೋರಿಸುವಂಥದ್ದಾಗಿರಬೇಕು. ಮಗುವಿಗೆ ಹೆಸರು ಗೊತ್ತಿರಬೇಕು, ಇಲ್ಲವೇ ಅದರ ಸದ್ದು ಗೊತ್ತಿರಬೇಕು. ಅದಕ್ಕೇ ನಾನು 'ಯಾರು' ಅಂದದ್ದು, 'ಯಾವುದು' ಅನ್ನಲಿಲ್ಲ.

ಶೆಟ್ರು_ಭಾಂಡೂಪ್
ನಮ್ಮ ಭಾಂಡೂಪ್ ಹೊರಗೆ ಹೋಯ್ತಾ. ಅನ್ಯಾಯ.

ಮಾಲಿನಿ_ಮುಲುಂಡ್
ಸರಿ, ರಾತ್ರಿ ಕೂತು ಹೀಗೆ ಮಾಡಿದೆ.

ಬಲಪುಟ: ಗಾಡಿ ನಿಂತಿತು. ಯಾರು ಬಂದರು?
ಎಡಪುಟ: ಅಜ್ಜಿ ಬಂದರು. ಕೈಲಿ ಕಿಣಿಕಿಣಿ.
ಬಲಪುಟ: ಗಾಡಿ ನಿಂತಿತು. ಯಾರು ಬಂದರು?
ಎಡಪುಟ: ತಾತ ಬಂದರು. ಕೋಲು ಟಕಟಕ.
ಬಲಪುಟ: ಗಾಡಿ ನಿಂತಿತು. ಯಾರು ಬಂದರು?
ಎಡಪುಟ: ಮಾಮ ಬಂದರು. ಡಬ್ಬಿ ಖಣಖಣ.

ಮಾಮ ಅಂದ್ರೆ ಡಬ್ಬೆವಾಲಾ, ಬಿಳಿ ಟೋಪಿ ಹಾಕಿದವರು.

ಗಣಪ್ರಸ್ತಾರ
ಮೇಡಂ, ನೀವು ಏನು ಬರೆದಿದ್ದೀರಿ ಅಂತ ನಿಮಗೆ ಗೊತ್ತಾ? ಗಾಡಿ ಮೂರು, ನಿಂತಿತು ನಾಲ್ಕು, ಯಾರು ಮೂರು, ಬಂದರು ನಾಲ್ಕು. 3+4+3+4. ಇದು ಭಾಮಿನಿ ಷಟ್ಪದಿಯ ಸಾಲು! ಕುಮಾರವ್ಯಾಸ ಭಾರತ ಬರೆದ ನಡೆ. ಗಮಕಿಗಳ ಹತ್ತಿರ ಕೊಟ್ಟರೆ ನಿಮ್ಮ ಡಬ್ಬೆವಾಲಾನನ್ನು ನೇರ ಕುರುಕ್ಷೇತ್ರಕ್ಕೇ ಕಳಿಸಿಬಿಡ್ತಾರೆ.

ಶೆಟ್ರು_ಭಾಂಡೂಪ್
ಯಕ್ಷಗಾನದಲ್ಲಿ ನಮ್ಮ ಭಾಗವತರು ಹೇಳೋ ಭಾಮಿನಿ ಇದೇನಾ? 'ಗಾಡೀ ನಿಂತಿತೂಊಊ' ಅಂತ ಹೇಳಿ ನೋಡಿದೆ. ಮನೆಯವಳು ಒಳಗಿಂದ ಏನಾಯ್ತು ಅಂತ ಓಡಿ ಬಂದ್ಲು.

ಬಸು_ಪಿಂಪ್ರಿ
ಎಲ್ಲಾ ಛಲೋ ಐತಿ ಅಕ್ಕಾರ, ಆದ್ರ 'ನಿಂತಿತು' ಅಂತ ಯಾರ ಮನ್ಯಾಗ ಮಾತಾಡ್ತಾರ್ರಿ? ಕೂಸಿಗೆ ಪುಸ್ತಕದ ಭಾಷಾ ಯಾಕ? 'ಗಾಡಿ ನಿಂತು, ಯಾರು ಬಂದ್ರು' ಅಂತ ಬರೀರಿ.

ಗಣಪ್ರಸ್ತಾರ
ನಡೆ ಕೆಡುತ್ತೆ.

ಸುಮಂಗಲಾ_ಡೊಂಬಿವ್ಲಿ
ಕೆಡಲ್ಲ ಸರ್, ಬೇರೆ ನಡೆ ಆಗುತ್ತೆ. ಗಾಡಿ, ನಿಂತು, ಯಾರು, ಬಂದ್ರು, ನಾಲ್ಕಕ್ಕೂ ಮೂರು ಮೂರು ಮಾತ್ರೆ. ಅದೂ ಗಟ್ಟಿ ಲಯವೇ, ಗಾಡಿಯ ವೇಗಕ್ಕೆ ಇನ್ನೂ ಹತ್ತಿರ. ತೊಡಕು ಬರೋದು ಮುಂದಿನ ಪುಟದಲ್ಲಿ. ನಮ್ಮ ಸದ್ದಿನ ಪದಗಳು, ಟಕಟಕ, ಕಿಣಿಕಿಣಿ, ಸರಸರ, ಗಡಗಡ, ಎಲ್ಲಾ ಎರಡರ ಜೋಡಿ, ಅಂದರೆ ನಾಲ್ಕು ಮಾತ್ರೆ. 3+4 ನಡೆಯಲ್ಲಿ ನಾಲ್ಕರ ಮನೆಗೆ ಅವು ತಾವಾಗೇ ಬಂದು ಕೂರುತ್ತವೆ. ಬಸು ಅವರ ಮೂರರ ನಡೆಗೆ 'ಟಕ್ಕ ಟಕ್ಕ', 'ಖಣ್ಣ ಖಣ್ಣ' ಅಂತ ಬದಲಾಯಿಸಬೇಕು. ಮಾಡಬಹುದು. ಆದರೆ ಒಂದು ಪುಟ ಹಾಗೆ, ಇನ್ನೊಂದು ಪುಟ ಹೀಗೆ ಬೇಡ. ಪಲ್ಲವಿಯಲ್ಲಿ ಒಂದಕ್ಷರವೂ ಆಚೀಚೆ ಆಗಬಾರದು. ದೊಡ್ಡವರು ಬರೆಯುವಾಗ ಬೇಜಾರಾಗಿ ಒಮ್ಮೆ 'ಗಾಡಿ ನಿಂತಿತು', ಒಮ್ಮೆ 'ರೈಲು ನಿಂತಿತು' ಅಂತ ಬದಲಿಸಿಬಿಡ್ತಾರೆ. ಬಾಯಿಗೆ ಬರೋ ಹೊತ್ತಿಗೆ ಪದ ಬದಲಾದರೆ ಮಗು ಮತ್ತೆ ಸುಮ್ಮನೆ ಕೇಳೋಕೆ ಕೂರುತ್ತೆ. ಎರಡು ಸಲ ಅದೇ ಕೇಳಿದ ಮೇಲೆ ಮೂರನೇ ಸಲ 'ಬಂದರು' ಅನ್ನೋದನ್ನಾದರೂ ಅದೇ ಹೇಳಬೇಕು. ಹೇಳದಿದ್ದರೆ ಪಲ್ಲವಿ ಉದ್ದ ಆಯಿತು ಅಂತ ತಿಳ್ಕೊಳ್ಳಿ.

ಬಸು_ಪಿಂಪ್ರಿ
ಟಕ್ಕ ಟಕ್ಕ ನನಗ ಪಾಸ್. ನಾ ನಮ್ಮ ಮನ್ಯಾಗ ಹಂಗ ಓದ್ತೀನಿ.

ರೇಖೆಬಣ್ಣ_ಪುಣೆ
ತಡವಾಗಿ ಬಂದೆ. ನಾನು ಚಿತ್ರದ ಕಡೆಯವಳು. ನೀವೆಲ್ಲ ಬಲಪುಟ ಎಡಪುಟ ಅಂತಿದ್ದೀರಿ, ಯಾರೂ ಪುಟ ಎಣಿಸಿಲ್ಲ. ಮಾಲಿನಿ ಅವರೇ, ಮುಖಪುಟವೂ ಸೇರಿ 16 ಅಂದರೆ 1 ಮುಖಪುಟ, 16 ಹಿಂಬದಿ. ಒಳಗೆ 2-3, 4-5 ಹೀಗೆ 14-15ರವರೆಗೆ ಏಳು ಜೋಡಿ. ತಿರುವು ಬರೋದು ಯಾವಾಗಲೂ ಬೆಸ ಪುಟದ ಕೊನೆಗೆ. ಪ್ರಶ್ನೆ 3, 5, 7, 9, 11ರಲ್ಲಿ, ಉತ್ತರ 4, 6, 8, 10, 12ರಲ್ಲಿ. ಕೊನೆಗೆ 15ರಿಂದ ಹಿಂಬದಿಗೆ ಹೋಗೋದೂ ಒಂದು ತಿರುವು, ಅದನ್ನು ಮಂಡಳಿಯ ವಿಳಾಸ ಹಾಕಿ ಹಾಳು ಮಾಡಬೇಡಿ. ನಡುವೆ ಯಾರಾದರೂ 'ಎರಡನೇ ಪುಟಕ್ಕೆ ಅಧ್ಯಕ್ಷರ ಮಾತು ಹಾಕೋಣ' ಅಂದರೆ, ಅವರು ಎರಡನೇ ಪುಟದಲ್ಲೇ ನಿಲ್ಲದಿದ್ದರೆ ಇಡೀ ಪುಸ್ತಕ ಒಂದು ಪುಟ ಸರಿದು ಪ್ರಶ್ನೆ ಉತ್ತರ ಎದುರುಬದುರು ಕೂರುತ್ತವೆ. ಆಗ ತಿರುವಿಗೆ ಕೆಲಸವೇ ಇಲ್ಲ.

ಇನ್ನೊಂದು ಮಾತು. ಕಾಗದ ಯಾವುದು?

ಮಾಲಿನಿ_ಮುಲುಂಡ್
ಅಧ್ಯಕ್ಷರ ಮಾತು ಆಗಲೇ ಬಂದಿದೆ 😬 ಒಂದೂವರೆ ಪುಟ. ಕಾಗದ ಝೆರಾಕ್ಸ್ ಅಂಗಡಿಯದ್ದೇ, ಮಾಮೂಲಿ.

ರೇಖೆಬಣ್ಣ_ಪುಣೆ
ಮಾಮೂಲಿ ಅಂದರೆ 70 ಇಲ್ಲ 75 ಜಿಎಸ್‌ಎಂ ಇರುತ್ತೆ. 3 ಮತ್ತು 4 ಒಂದೇ ಹಾಳೆಯ ಎರಡು ಬದಿ. 4ರಲ್ಲಿ ಅಜ್ಜಿಗೆ ಕಡು ಕೆಂಪು ಸೀರೆ ಉಡಿಸಿದರೆ 3ರಲ್ಲಿ ಅಜ್ಜಿ ಮಸುಕಾಗಿ ಕಾಣಿಸ್ತಾಳೆ. 'ಯಾರು ಬಂದರು?' ಅಂತ ನೀವು ಕೇಳೋ ಹೊತ್ತಿಗೆ ಉತ್ತರ ಹಾಳೆಯಿಂದ ಇಣುಕ್ತಾ ಇರುತ್ತೆ. ಕಡಿಮೆ ಅಂದರೂ 130 ಜಿಎಸ್‌ಎಂ ಹಾಕಿಸಿ, 170 ಆದರೆ ಇನ್ನೂ ಒಳ್ಳೇದು, ಮಗು ಒಂದೊಂದೇ ಹಾಳೆ ಹಿಡಿಯೋಕೂ ಆಗುತ್ತೆ. ಅಂಗಡಿಯ ಮೆಷಿನ್ ದಪ್ಪ ಹಾಳೆಗೆ ಎರಡು ಬದಿ ಮುದ್ರಿಸುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

ಇಣುಕೋದೇ ಬೇಕು ಅಂತಿದ್ದರೆ ಬೇಕಂತಲೇ ಇಣುಕಿಸಿ. 3ನೇ ಪುಟದ ಬಲ ಅಂಚಿನಲ್ಲಿ ಬಾಗಿಲು, ಬಾಗಿಲ ಕಂಬ ಹಿಡಿದ ಬಳೆಯ ಕೈ ಮಾತ್ರ. 5ರಲ್ಲಿ ಕೋಲಿನ ತುದಿ. ಕೈ ಹೋಗೋ ಜಾಗದಲ್ಲೇ ಸುಳಿವು ಇದ್ದರೆ ಮಗು ಅಲ್ಲೇ ಹಿಡಿದು ತಿರುಗಿಸುತ್ತೆ.

ಗಣಪ್ರಸ್ತಾರ
ಗಾಡಿಯ ಸದ್ದೇ ಇಲ್ಲವಲ್ಲ? ಮೊದಲಿಗೆ 'ಚುಕುಬುಕು ಚುಕುಬುಕು' ಹಾಕಿ.

ಶೆಟ್ರು_ಭಾಂಡೂಪ್
ಸರ್, ಲೋಕಲ್ ಕರೆಂಟಿನ ಗಾಡಿ. ಹೊಗೆ ಇಲ್ಲ, ಚುಕುಬುಕು ಎಲ್ಲಿಂದ? ಧಡಕ್ ಧಡಕ್ ಅನ್ನುತ್ತೆ.

ಗಣಪ್ರಸ್ತಾರ
ಮಕ್ಕಳಿಗೆ ರೈಲು ಅಂದರೆ ಚುಕುಬುಕು. ಕರೆಂಟಿನ ಲೆಕ್ಕ ಅವರಿಗ್ಯಾಕೆ?

ಶೆಟ್ರು_ಭಾಂಡೂಪ್
ನಿಮ್ಮೂರ ಮಕ್ಕಳಿಗೆ ಇರಬಹುದು. ನನ್ನ ಮೊಮ್ಮಗಳು ಹಳಿ ಪಕ್ಕದ ಬಿಲ್ಡಿಂಗಲ್ಲಿ ಹುಟ್ಟಿದವಳು, ಚುಕುಬುಕು ಅಂದ್ರೆ 'ಅದೇನಜ್ಜ' ಅಂತಾಳೆ.

ಮಾಲಿನಿ_ಮುಲುಂಡ್
'ಗಾಡಿ ಹೊರಟಿತು, ಧಡಕು ಧಡಧಡ.' ನಡೆ ಕೂರುತ್ತಾ ಸರ್?

ಗಣಪ್ರಸ್ತಾರ
ಕೂರುತ್ತೆ. (ಚುಕುಬುಕು ಕೂಡ ನಾಲ್ಕು ಮಾತ್ರೆಯೇ ಅಂತ ದಾಖಲೆಗೆ ಹೇಳಿರ್ತೀನಿ.)

ಫೋಂಡಾ_ಪಾಟೀಲ
ನಾವು ಗೋವಾದಾಗ ಇರೋರು. ಇಲ್ಲಿ ಲೋಕಲ್ ಟ್ರೇನ್ ಇಲ್ಲ, ನಮ್ಮ ಮಗಳಿಗೆ ಫೆರಿ ಅಂದ್ರ ಪ್ರಾಣ. ರಿಬಂದರಿನಿಂದ ಚೋಡಣಕ್ಕ ಫೆರಿಯೊಳಗ ಹೋಗೋದು ಅಕಿಗೆ ಹಬ್ಬ. ಇದನ್ನ 'ಫೆರಿ ನಿಂತಿತು, ಯಾರು ಬಂದರು' ಅಂತ ಮಾಡಿಕೊಳ್ಳಬಹುದಾ?

ಗಣಪ್ರಸ್ತಾರ
ಫೆರಿ ಎರಡೇ ಮಾತ್ರೆ. 'ಬೋಟು ನಿಂತಿತು' ಅಥವಾ 'ದೋಣಿ ನಿಂತಿತು' ಆದರೆ ಮೂರು.

ಸುಮಂಗಲಾ_ಡೊಂಬಿವ್ಲಿ
ಮಾತ್ರೆ ಸರಿಹೋದರೂ ಕಥೆ ಕೂರಲ್ಲ ಪಾಟೀಲರೇ. ಫೆರಿ ಈ ದಡ ಬಿಟ್ಟರೆ ಆ ದಡ. ಹತ್ತೋರೆಲ್ಲ ಒಮ್ಮೆಗೇ ಹತ್ತುತ್ತಾರೆ, ಸ್ಕೂಟರು ಕಾರು ಸಮೇತ. ಮತ್ತೆ ಮತ್ತೆ ನಿಲ್ಲೋದೇ ಇಲ್ಲ, ಅಲ್ಲಿ 'ನಿಂತಿತು' ಅಂತ ನಾಲ್ಕೈದು ಸಲ ಹೇಳಿದರೆ ಸುಳ್ಳು. ಮರುಕಳಿಸೋ ಮಾತಿಗೆ ಮರುಕಳಿಸೋ ಘಟನೆ ಬೇಕು. ಫೆರಿಗೆ ಬೇರೆ ಪ್ರಶ್ನೆ ಹುಡುಕಿ. ನೀರಲ್ಲಿ ಏನು ಕಂಡಿತು ಅನ್ನೋ ಥರದ್ದು. ಇಲ್ಲಾಂದರೆ ಕದಂಬ ಬಸ್ಸಿಗೆ ಬನ್ನಿ, 'ಬಸ್ಸು ನಿಂತಿತು, ಯಾರು ಬಂದರು' ಹಾಗೇ ಕೂರುತ್ತೆ.

ಫೋಂಡಾ_ಪಾಟೀಲ
ಬಸ್ಸಂದ್ರ ಅಕಿಗೆ ವಾಂತಿ ಬರತೈತ್ರಿ. ನೀರಿನ ಪ್ರಶ್ನೆ ಮಾಡ್ತೀನಿ.

ಮಾಲಿನಿ_ಮುಲುಂಡ್
ಈಗ ಪೂರ್ತಿ ಜೋಡಿಸಿದೆ. 12-13 ಮಾತ್ರ ಗೊತ್ತಾಗ್ತಿಲ್ಲ.

2: ಗಾಡಿ ಹೊರಟಿತು, ಧಡಕು ಧಡಧಡ.
3: ಗಾಡಿ ನಿಂತಿತು. ಯಾರು ಬಂದರು?
4: ಅಜ್ಜಿ ಬಂದರು. ಕೈಲಿ ಕಿಣಿಕಿಣಿ.
5: ಪಲ್ಲವಿ
6: ತಾತ ಬಂದರು. ಕೋಲು ಟಕಟಕ.
7: ಪಲ್ಲವಿ
8: ಮಾಮ ಬಂದರು. ಡಬ್ಬಿ ಖಣಖಣ.
9: ಪಲ್ಲವಿ
10: ಬೆಕ್ಕು ಬಂದಿತು. ಬಾಲ ಸರಸರ.
11: ಪಲ್ಲವಿ
12-13: ???
14: ಗಾಡಿ ಹೊರಟಿತು, ಧಡಕು ಧಡಧಡ.
15: ಗಾಡಿ ನಿಂತಿತು. ಯಾರು ಇಳಿದರು?
16: ಪುಟ್ಟಿ ಇಳಿದಳು. ಹೆಜ್ಜೆ ಪುಟುಪುಟು.

ಸುಮಂಗಲಾ_ಡೊಂಬಿವ್ಲಿ
15 ಬಹಳ ಚೆನ್ನಾಗಿದೆ. ಒಂದೇ ಪದ ಬದಲು, ಅದೇ ಅಳತೆ, ಇಡೀ ಪುಸ್ತಕ ತಿರುಗಿ ನಿಂತಿತು. ಮಗು ಅಭ್ಯಾಸಬಲದಿಂದ 'ಬಂದರು' ಅನ್ನುತ್ತೆ, ನೀವು 'ಇಳಿದರು' ಅಂತೀರಿ, ಆಗ ನಗು ಬರುತ್ತೆ. ಆದರೆ ಅದಕ್ಕೆ ಮೊದಲು ಒಂದು ಕಡೆ ಪದ್ಧತಿ ಮುರಿಯಲೇಬೇಕು. ಬೆಕ್ಕು ಅರ್ಧ ಮುರಿದಿದೆ, ಮನುಷ್ಯರು ಬರೋ ಕಡೆ ಬೆಕ್ಕು ಬಂತು. 12-13 ಪೂರ್ತಿ ಮುರಿಯಲಿ. ನನ್ನ ಪ್ರಕಾರ ಬಾಗಿಲು ಖಾಲಿ ಇರಲಿ. ಮಾತೇ ಬೇಡ. ಕೇಳಿದ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಎರಡು ವರ್ಷದವರು ತಾವೇ 'ಇಲ್ಲಾ!' ಅಂತ ಕೈ ತಿರುಗಿಸ್ತಾರೆ. ಆ ಮಾತು ಅವರದ್ದೇ ಆಗಲಿ.

ರೇಖೆಬಣ್ಣ_ಪುಣೆ
ನಾನು ಒಪ್ಪಲ್ಲ ಟೀಚರ್. 11 ಆದ ಮೇಲೆ ಅಂದರೆ ದಾದರ್ ಹತ್ತಿರ ಬಂತು. ಮುಂಬೈ ಲೋಕಲ್‌ನಲ್ಲಿ ಖಾಲಿ ಬಾಗಿಲು ಯಾರು ನಂಬ್ತಾರೆ? ಎಲ್ಲರೂ ಒಮ್ಮೆಗೇ ನುಗ್ಗಲಿ, ಎರಡೂ ಪುಟ ತುಂಬ ಜನ, ಚೀಲ, ಕೊಡೆ, ಚಪ್ಪಲಿ. ಅಲ್ಲಿ ಅಜ್ಜಿ ಎಲ್ಲಿ, ಬೆಕ್ಕಿನ ಬಾಲ ಎಲ್ಲಿ ಅಂತ ಮಗು ಹುಡುಕ್ತಾ ಕೂರುತ್ತೆ. ಅದೂ ಮಾತಿಲ್ಲದ ಪುಟವೇ.

ಯಾವುದಾದರೂ ಸರಿ, 12-13 ಎರಡು ಬೇರೆ ಹಾಳೆಯಿಂದ ಬರೋ ಪುಟಗಳು. ಮಡಿಕೆ ಮೇಲೆ ಚಿತ್ರ ಒಂದೆರಡು ಮಿಲಿಮೀಟರ್ ಆಚೀಚೆ ಕೂರುತ್ತೆ, ಅಂಗಡಿ ಮೆಷಿನ್ನಿನಲ್ಲಿ ಬಿಳಿ ಅಂಚೂ ಬಿಡುತ್ತೆ. ನಡುವೆ ಮುಖ ಬರೀಬೇಡಿ. ಒಂದೇ ಹಾಳೆಯ ಮೇಲೆ ಎದುರುಬದುರು ಬರೋದು 8-9 ಮಾತ್ರ.

ಸುಮಂಗಲಾ_ಡೊಂಬಿವ್ಲಿ
ಎರಡು ವರ್ಷದ ಮಗು ಅಷ್ಟು ಜನರ ನಡುವೆ ಬಾಲ ಹುಡುಕಲ್ಲಮ್ಮ. ಮೂರೂವರೆ ನಾಲ್ಕಕ್ಕೆ ಹುಡುಕುತ್ತೆ.

ರೇಖೆಬಣ್ಣ_ಪುಣೆ
ಮೂರೂವರೆ ಆಗೋವರೆಗೂ ಅದೇ ಪುಸ್ತಕ ಮನೆಯಲ್ಲಿ ಇರುತ್ತಲ್ಲ ಟೀಚರ್.

ಕಿಟ್ಟಣ್ಣ_ಕೋಥ್ರೂಡ್
ಒಂದು ಮಾತು ಕೇಳ್ಲಾ? ಇದನ್ನ ಓದೋರು ಯಾರು? ನಮ್ಮ ಮನೆಯವಳು ಪುಣೆಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಮಾತಾಡ್ತಾಳೆ, ಓದೋಕೆ ಬರಲ್ಲ. ನಮ್ಮ ಸುತ್ತಮುತ್ತ ಇಂಥವರು ಬಹಳ ಜನ. ಎರಡು ವರ್ಷದ ಮಗುವಿಗೆ ಓದಿ ಹೇಳೋರು ಇವರೇ ಅಲ್ವಾ? ಕನ್ನಡದ ಕೆಳಗೆ ದೇವನಾಗರಿಯಲ್ಲೂ ಹಾಕಿ.

ಗಣಪ್ರಸ್ತಾರ
ದೇವನಾಗರಿಯಲ್ಲಿ ಕನ್ನಡ ಬರೆದರೆ ಹ್ರಸ್ವ ಎ, ಒ ಎಲ್ಲಾ ದೀರ್ಘ ಆಗಿಬಿಡುತ್ತವೆ. 'ಬೆಕ್ಕು' ಹೋಗಿ 'ಬೇಕ್ಕು' ಆಗುತ್ತೆ, 'ಹೊರಟಿತು' ಹೋಗಿ 'ಹೋರಟಿತು'. ಮಾತ್ರೆ ಕೆಡುತ್ತೆ. ಖಂಡಿತ ಬೇಡ.

ಕಿಟ್ಟಣ್ಣ_ಕೋಥ್ರೂಡ್
ಮನೆಯಲ್ಲಿ ದಿನಾ ಬೆಕ್ಕು ಅನ್ನೋಳು ಓದುವಾಗ ಬೇಕ್ಕು ಅಂತಾಳಾ ಸರ್? ಕನ್ನಡ ಗೊತ್ತಿಲ್ಲದವರಿಗೆ ಅಲ್ಲ ನಾನು ಕೇಳ್ತಿರೋದು, ಲಿಪಿ ಗೊತ್ತಿಲ್ಲದವರಿಗೆ.

ಬಸು_ಪಿಂಪ್ರಿ
ಕಿಟ್ಟಣ್ಣ ಖರೇ ಹೇಳಿದ್ರು.

ರೇಖೆಬಣ್ಣ_ಪುಣೆ
ಪುಟಕ್ಕೆ ಎರಡು ಲಿಪಿ ಹಾಕಿದರೆ ಸಾಲು ಇಮ್ಮಡಿ, ಚಿತ್ರಕ್ಕೆ ಜಾಗ ಕಡಿಮೆ. ಈ ಪುಸ್ತಕದಲ್ಲಿ ಪಲ್ಲವಿ ಒಂದೇ. ಒಮ್ಮೆ ಬಾಯಿಪಾಠ ಆದರೆ ಓದೋ ಪ್ರಶ್ನೆಯೇ ಇಲ್ಲ. ಉತ್ತರದ ಸಾಲು ನಾಲ್ಕು, ಮೊದಲ ಸಾಲು, ಕೊನೆ ಸಾಲು, ಅಷ್ಟೇ. ಎಲ್ಲವನ್ನೂ 2ನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ದೇವನಾಗರಿಯಲ್ಲಿ ಒಟ್ಟಿಗೆ ಕೊಟ್ಟುಬಿಡಿ.

ಮಾಲಿನಿ_ಮುಲುಂಡ್
ಹಾಗಾದ್ರೆ ಅಧ್ಯಕ್ಷರ ಮಾತು ಎಲ್ಲಿ ಹಾಕಲಿ?

ಶೆಟ್ರು_ಭಾಂಡೂಪ್
ಲಗೇಜ್ ಡಬ್ಬಿಯಲ್ಲಿ.

ಸುಮಂಗಲಾ_ಡೊಂಬಿವ್ಲಿ
😂 ಮಾಲಿನಿ, ಅಚ್ಚಿಗೆ ಕೊಡೋ ಮೊದಲು ಒಂದು ಕೆಲಸ ಮಾಡಿ. ನಾಲ್ಕು ಹಾಳೆ ಮಡಿಚಿ, ಪೆನ್ನಲ್ಲೇ ಸಾಲು ಬರೆದು, ಚಿತ್ರದ ಜಾಗದಲ್ಲಿ ಕಡ್ಡಿ ಗೊಂಬೆ ಬರೆದು, ಇದನ್ನು ಒಮ್ಮೆಯೂ ನೋಡದ ಯಾರಿಗಾದರೂ ಕೊಡಿ. ಅತ್ತೆಗೋ, ವಾಚ್‌ಮನ್ನಿಗೋ. ಅಭ್ಯಾಸ ಇಲ್ಲದೆ ಗಟ್ಟಿಯಾಗಿ ಓದಲಿ. ನೀವು ಓದಬೇಡಿ, ನಿಮಗೆ ಲಯ ಗೊತ್ತಿರೋದರಿಂದ ಕೆಟ್ಟ ಸಾಲನ್ನೂ ಸರಿ ಮಾಡಿ ಓದಿಬಿಡ್ತೀರಿ. ಅವರು ಎರಡನೇ ಸಲವೂ ಎಡವಿದ ಕಡೆ ಸಾಲು ಬದಲಿಸಿ. 'ಯಾರು ಇಳಿದರು' ಅನ್ನೋದನ್ನು ಕೆಲವರು 'ಯಾರಿಳಿದರು' ಅಂತ ಕೂಡಿಸಿಬಿಡಬಹುದು, ಆಗ ಒಂದು ಮಾತ್ರೆ ಹೋಗುತ್ತೆ. ಎರಡು ಪದದ ನಡುವೆ ಚೂರು ಜಾಸ್ತಿ ಜಾಗ ಬಿಟ್ಟು ಮುದ್ರಿಸಿ.

ಮತ್ತೆ ಸ್ಟೇಪ್ಲರ್ ಪಿನ್ ಬೇಡ. ಕಿತ್ತು ಬಾಯಿಗೆ ಹಾಕ್ಕೊಳ್ತಾರೆ. ಮಡಿಕೆಯಲ್ಲಿ ಮೂರು ತೂತು ಮಾಡಿ ದಪ್ಪ ದಾರದಿಂದ ಹೊಲಿಯಿರಿ, ಗಂಟು ಹೊರಗಡೆ ಬೆನ್ನಿಗೆ ಬರಲಿ. ಮೂಲೆ ನಾಲ್ಕನ್ನೂ ದುಂಡಗೆ ಕತ್ತರಿಸಿ.

ಫೋಂಡಾ_ಪಾಟೀಲ
ಟೀಚರ್, 'ನೀರು ಕಲಕಿತು. ಏನು ಕಂಡಿತು?' ನಡೀತೈತೇನ್ರಿ?

ಗಣಪ್ರಸ್ತಾರ
ನೀರು ಮೂರು, ಕಲಕಿತು ನಾಲ್ಕು, ಏನು ಮೂರು, ಕಂಡಿತು ನಾಲ್ಕು. ಪಾಟೀಲರೇ, ನಿಮಗೂ ಭಾಮಿನಿ ಒಲಿದಳು!

ಸುಮಂಗಲಾ_ಡೊಂಬಿವ್ಲಿ
ನಡೆಯುತ್ತೆ. ಆದರೆ ತಿರುಗಿಸಿದ ಮೇಲೆ ಬರೋದೆಲ್ಲ ಮೀನೇ ಆದರೆ ಎರಡನೇ ತಿರುವಿಗೇ ಸಾಕಾಗುತ್ತೆ. ನಾಲ್ಕು ಬೇರೆ ಬೇರೆ ವಸ್ತು ಯೋಚಿಸಿ.

ಮಾಲಿನಿ_ಮುಲುಂಡ್
ಬೆಳಿಗ್ಗೆ ಅಂಗಡಿಯಲ್ಲಿ ಕೇಳಿದೆ. 170 ಅವರ ಮೆಷಿನ್ ಎರಡು ಬದಿಗೆ ತಗೊಳ್ಳಲ್ಲವಂತೆ, 130 ಆಗುತ್ತಂತೆ. ಅಧ್ಯಕ್ಷರಿಗೆ ಬೇರೆ ಚೀಟಿ ಮಾಡಿ ಪುಸ್ತಕದೊಳಗೆ ಇಡೋಣ ಅಂದೆ, ಮುಖ ಸಣ್ಣ ಮಾಡಿಕೊಂಡು ಒಪ್ಪಿದರು. 12-13 ಎರಡು ಥರವೂ ಕಡ್ಡಿ ಗೊಂಬೆಯಲ್ಲಿ ಬರೆದಿದ್ದೇನೆ, ಖಾಲಿ ಬಾಗಿಲು ಒಂದು ಪ್ರತಿಯಲ್ಲಿ, ಜನ ಇನ್ನೊಂದರಲ್ಲಿ. ಭಾನುವಾರ ಬಳಗದ ಮಕ್ಕಳು ಬರ್ತಾರೆ, ಎರಡನ್ನೂ ಓದಿಸಿ ನೋಡಿ ಇಲ್ಲೇ ಹೇಳ್ತೀನಿ.

ರೇಖೆಬಣ್ಣ_ಪುಣೆ
ಒಂದೇ ಮಗುವಿಗೆ ಎರಡನ್ನೂ ಓದಬೇಡಿ. ಯಾವುದು ಮೊದಲು ಕೇಳಿರುತ್ತೋ ಅದೇ ಸರಿ ಅಂತ ಹಟ ಹಿಡಿಯುತ್ತೆ.

ಶೆಟ್ರು_ಭಾಂಡೂಪ್
ಜನ ತುಂಬಿದ್ದಕ್ಕೇ ನನ್ನ ಓಟು. ಅದರಲ್ಲಿ ಒಬ್ಬನ ಟೋಪಿ ಮೇಲೆ ಸಣ್ಣದಾಗಿ ಭಾಂಡೂಪ್ ಅಂತ ಬರೀರಿ ಅಕ್ಕ, ಮಗುವಿಗೆ ಕಾಣದಿದ್ರೂ ಪರವಾಗಿಲ್ಲ.